ಹದಿನಾರನೇ ತಾರೀಖು

ಪ್ರಿಯ ಓದುಗರೇ,

ಮೊದಲು ವಿಷಯ ಹೇಳಿಬಿಡುತ್ತೇನೆ. ಇವತ್ತು ಜುಲೈ 5. ಇನ್ನು ಐದು ಭಾನುವಾರ ನನ್ನ ಪತ್ರ ಬರುವುದಿಲ್ಲ. ಜುಲೈ 12, 19, 26, ಆಮೇಲೆ ಆಗಸ್ಟ್ 2 ಮತ್ತು 9. ಆಗಸ್ಟ್ 16ರ ಭಾನುವಾರ ಬೆಳಗ್ಗೆ ಏಳಕ್ಕೆ ಮತ್ತೆ ಬರುತ್ತದೆ. ಕಾರಣ, ಕೈಲಾಸ ಮಾನಸಸರೋವರ ಯಾತ್ರೆಗೆ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಉತ್ತರಾಖಂಡದ ಲಿಪುಲೇಖ್ ಕಣಿವೆ ದಾಟಿ ಟಿಬೆಟಿಗೆ ಹೋಗುವ ದಾರಿ. ಐದು ವಾರದ ಚಂದಾ ಹಾಳಾಗುವುದಿಲ್ಲ, ಎಲ್ಲರ ಅವಧಿಯನ್ನೂ ಐದು ವಾರ ಮುಂದಕ್ಕೆ ಹಾಕಿದ್ದೇನೆ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ.

ಪುರುಸೊತ್ತು ಇರುವವರಿಗೆ ಒಂದು ಮಾತು. ಮೇಲಿನ ಆ ಏಳೆಂಟು ಸಾಲು ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಹೋಗುತ್ತೇನೆ ಅನ್ನುವುದು ಸುಲಭ. ಚಂದಾ ಲೆಕ್ಕವೂ ಸುಲಭ. ಸಿಕ್ಕಿಹಾಕಿಕೊಂಡದ್ದು ಬರುವ ತಾರೀಖಿನಲ್ಲಿ.

ತಾರೀಖು ಯಾಕೆ ಬೇಕು, ಸುಮ್ನೆ 'ಸ್ವಲ್ಪ ದಿನ ಬಿಡುವು' ಅಂದರೆ ಸಾಲದೇ ಎಂದು ನೀವು ಕೇಳಬಹುದು. ಹಳಬರು ಕೇಳುವುದಿಲ್ಲ, ಅವರಿಗೆ ನೆನಪಿದೆ. ಕೆಲವು ವರ್ಷಗಳ ಹಿಂದೆ ಒಂದು ಸಲ ನಾನು ಹಾಗೇ ಬರೆದಿದ್ದೆ. 'ಸ್ವಲ್ಪ ದಿನ ಬಿಡುವು, ಬೇಗ ಸಿಗೋಣ.' ಆ ಸ್ವಲ್ಪ ದಿನ ಏಳು ತಿಂಗಳಾಯಿತು. ಏನೂ ಆಗಿರಲಿಲ್ಲ ನನಗೆ. ಮೊದಲ ವಾರ ಸುಸ್ತು, ಎರಡನೇ ವಾರ ಸೋಮಾರಿತನ, ಮೂರನೇ ವಾರದಿಂದ ನಾಚಿಕೆ. ಇಷ್ಟು ದಿನ ಬಿಟ್ಟು ಈಗ ಬರೆದರೆ ಏನು ಅಂದುಕೊಳ್ಳುತ್ತಾರೋ ಅಂತ ಇನ್ನೊಂದು ವಾರ ಬಿಡುವುದು, ಅದಕ್ಕೆ ಇನ್ನಷ್ಟು ನಾಚಿಕೆ ಸೇರುವುದು, ಹೀಗೇ ಏಳು ತಿಂಗಳು. ಆರನೇ ತಿಂಗಳಲ್ಲಿ ಓದುಗರೊಬ್ಬರು ಬರೆದಿದ್ದರು. 'ಮಾನ್ಯರೇ, ತಾವು ಇದ್ದರೆ ಉತ್ತರಿಸಿ. ಇಲ್ಲದಿದ್ದರೆ ಮನೆಯವರು ತಿಳಿಸಿ, ಸಂತಾಪ ಸೂಚಿಸಬೇಕಿದೆ.' ನಾನಿದ್ದೇನೆ ಎಂದು ಉತ್ತರಿಸುವಷ್ಟರಲ್ಲಿ ನಿಜಕ್ಕೂ ಸತ್ತಿದ್ದರೇ ಮರ್ಯಾದೆ ಉಳಿಯುತ್ತಿತ್ತು ಅನ್ನಿಸಿಬಿಟ್ಟಿತ್ತು.

ಅಂದಿನಿಂದ ತಾರೀಖು ಇಲ್ಲದೆ ಬಿಡುವು ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನ. ಆದರೆ ಈ ಸಲ ಹೋಗುತ್ತಿರುವ ದಾರಿ ತಾರೀಖಿಗೆ ಬಗ್ಗುವಂಥದ್ದಲ್ಲ. ಈ ಯಾತ್ರೆಯೇ ಹೇಳದೆ ಕೇಳದೆ ಬಿಡುವು ತೆಗೆದುಕೊಳ್ಳುವುದರಲ್ಲಿ ನನ್ನನ್ನೂ ಮೀರಿಸಿದ್ದು. 1962ರ ಯುದ್ಧದ ನಂತರ ಮುಚ್ಚಿಕೊಂಡ ದಾರಿ ನಮ್ಮವರಿಗೆ ಮತ್ತೆ ತೆರೆದದ್ದು 1981ರಲ್ಲಿ. 2017ರಲ್ಲಿ ದೋಕ್ಲಾಂನಲ್ಲಿ ಭಾರತ ಚೀನಾ ಸೈನಿಕರ ಗಲಾಟೆ ಆದಾಗ, ಇನ್ನೊಂದು ದಾರಿಯಾದ ಸಿಕ್ಕಿಮಿನ ನಾಥು ಲಾ ಕಡೆಯಿಂದ ಹೊರಟವರು ಗಡಿಯ ಹತ್ತಿರದವರೆಗೂ ಹೋಗಿ, ಅಲ್ಲಿಂದ ವಾಪಸ್ ಬಂದರು. 2020ರಲ್ಲಿ ಕೊರೊನಾ ಅಂತ ಎರಡೂ ದಾರಿ ನಿಂತವು. ಕೊರೊನಾ ಹೋಯಿತು, ಯಾತ್ರೆ ಬರಲಿಲ್ಲ. ಐದು ವರ್ಷ ಬಿಟ್ಟು 2025ರಲ್ಲಿ ಮತ್ತೆ ಶುರುವಾಯಿತು. ಆ ಐದು ವರ್ಷದಲ್ಲಿ 'ಇಂಥ ದಿನ ಶುರು' ಎಂದು ಯಾರೂ ಹೇಳಿರಲಿಲ್ಲ. ಪ್ರತಿ ವರ್ಷ ಜನವರಿ ಬಂದರೆ ನನ್ನಂಥವರು ಪ್ರಕಟಣೆ ಬಂತಾ ಅಂತ ನೋಡುವುದು, ಇಲ್ಲ ಅಂತ ಸುಮ್ಮನಾಗುವುದು. ಬರೆಯದ ಆ ಏಳು ತಿಂಗಳು ನೀವು ನನ್ನನ್ನು ಹೇಗೆ ಕಾದಿರಬಹುದು ಎಂದು ಗೊತ್ತಾಗಿದ್ದು ಆಗ.

ಸರಿ, ತಾರೀಖಿನ ಲೆಕ್ಕಕ್ಕೆ ಬರೋಣ.

ಜುಲೈ 10ಕ್ಕೆ ದೆಹಲಿಯಲ್ಲಿ ಹಾಜರಾಗಬೇಕು. ಅಲ್ಲಿಂದ ಶುರುವಾಗಿ ಮತ್ತೆ ದೆಹಲಿಗೆ ಬಂದಿಳಿಯುವವರೆಗೆ ಇಪ್ಪತ್ತೆರಡು ದಿನ. ಅಂದರೆ ಜುಲೈ 31. ಮಾರನೇ ದಿನ ಆಗಸ್ಟ್ 1ಕ್ಕೆ ಮನೆ. ಆಗಸ್ಟ್ 2 ಭಾನುವಾರ! ನೋಡಿ ಎಷ್ಟು ಚೆನ್ನಾಗಿ ಕೂತಿದೆ ಅಂತ ನಾನು ಮೊದಲು 'ಆಗಸ್ಟ್ 2ಕ್ಕೆ ಸಿಗೋಣ' ಎಂದೇ ಬರೆದಿದ್ದೆ. ನನ್ನ ಹೆಂಡತಿ ಬಂದು ಕನ್ನಡಕ ಏರಿಸಿ ಓದಿದಳು.

"ರೀ, ಶನಿವಾರ ಸಂಜೆ ಬಂದಿಳಿದು ಭಾನುವಾರ ಬೆಳಗ್ಗೆಗೆ ಪತ್ರ ಬರೀತೀರಾ? ಮದುವೆಗೆ ಹೋಗಿ ಬಂದರೆ ಎರಡು ದಿನ ಮಲಗೋರು ನೀವು."

ಹೊಡೆದುಹಾಕಿದೆ. ಆಗಸ್ಟ್ 9 ಎಂದು ಬರೆದೆ. ಅದೂ ನಿಲ್ಲಲಿಲ್ಲ, ಯಾಕೆ ಅಂತ ಹೇಳುತ್ತೇನೆ.

ಈ ಇಪ್ಪತ್ತೆರಡು ದಿನದಲ್ಲಿ ಕೈಲಾಸದ ಸುತ್ತ ನಡೆಯುವುದು ಎಷ್ಟು ದಿನ ಗೊತ್ತೇ? ಮೂರೇ ದಿನ. ಪರಿಕ್ರಮೆ ಒಟ್ಟು ಸುಮಾರು 52 ಕಿಲೋಮೀಟರ್. ಟಿಬೆಟಿನವರು ಬೆಳಗಾಗುವ ಮೊದಲೇ ಹೊರಟು ಕತ್ತಲಾಗುವಷ್ಟರಲ್ಲಿ ಒಂದೇ ದಿನದಲ್ಲಿ ಮುಗಿಸಿಬಿಡುವುದೂ ಉಂಟು. ನಮಗೆ ಮೂರು ದಿನ, ಅದರಲ್ಲಿ ನಡುವಿನ ದಿನ ಡೋಲ್ಮಾ ಲಾ ಎಂಬ ಬೆಟ್ಟದ ಕಣಿವೆದಾರಿ ಹತ್ತಿ ಇಳಿಯಬೇಕು. ಸುಮಾರು 5,630 ಮೀಟರ್ ಎತ್ತರ. ಮಿಕ್ಕ ದಿನಗಳೆಲ್ಲ ಏನು ಮಾಡುತ್ತಾರೆ? ಅದನ್ನೇ ನಾನೂ ಕೇಳಿದ್ದೆ. ಮೊದಲೆಲ್ಲ ನಡೆದೇ ಗಡಿ ಮುಟ್ಟಬೇಕಿತ್ತು, ಅದಕ್ಕೇ ದಿನಗಟ್ಟಲೆ ಬೇಕಿತ್ತು. 2020ರಲ್ಲಿ ಧಾರ್ಚುಲಾದಿಂದ ಲಿಪುಲೇಖ್ ಕಡೆಗೆ ರಸ್ತೆಯಾಯಿತು. ಈಗ ಬಸ್ಸು, ಜೀಪು ಗಡಿಗೆ ಹತ್ತಿರದ ಗುಂಜಿ ಎಂಬ ಊರನ್ನೂ ದಾಟಿ ಹೋಗುತ್ತವೆ. ಹಾಗಿದ್ದರೆ ದಿನಗಳು ಅರ್ಧಕ್ಕರ್ಧ ಇಳಿಯಬೇಕಿತ್ತು ಅಲ್ವಾ? ಅಷ್ಟೇನೂ ಇಳಿಯಲಿಲ್ಲ. ರಸ್ತೆ ಆದದ್ದು ಜೀಪಿಗೆ, ರಕ್ತಕ್ಕಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ತಾರೀಖು ನಿಂತಿರುವುದೇ ಇದರ ಮೇಲೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಡೋಲ್ಮಾ ಲಾ ಹತ್ತಿರ ಅದು ಸಮುದ್ರಮಟ್ಟದ ಅರ್ಧ. ಅಂದರೆ ನಾನು ಒಂದು ಉಸಿರು ಎಳೆದರೆ ಸಿಗುವುದು ಅರ್ಧ ಉಸಿರು. ಮೈ ಮೊದಲು ಮಾಡುವ ಉಪಾಯ ಎಂದರೆ ಬೇಗ ಬೇಗ ಉಸಿರಾಡುವುದು. ಆದರೆ ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ರಕ್ತದ ಹದ ಕೆಡುತ್ತದೆ, ಆಗ ಮೆದುಳು 'ಸಾಕು, ನಿಧಾನ' ಅನ್ನುತ್ತದೆ. ಆ ಹದವನ್ನು ಸರಿಮಾಡುವುದು ಮೂತ್ರಪಿಂಡ. ಅದು ಸರ್ಕಾರಿ ಕಚೇರಿಯ ಥರ, ತನ್ನ ವೇಗದಲ್ಲೇ ಕೆಲಸ ಮಾಡುತ್ತದೆ, ಕೆಲವು ದಿನ ತೆಗೆದುಕೊಳ್ಳುತ್ತದೆ. ಅಷ್ಟರವರೆಗೆ ಕಾಯದೆ ಮೇಲೆ ಹೋದರೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು. ಇಷ್ಟಾದರೆ ಅಲ್ಲೇ ನಿಲ್ಲಬೇಕು. ಕೂತಲ್ಲೇ ಏದುಸಿರು ಬಂದರೆ, ಕುಡಿದವನ ಹಾಗೆ ಹೆಜ್ಜೆ ತಪ್ಪಿದರೆ ನಿಲ್ಲುವ ಮಾತೇ ಇಲ್ಲ, ತಕ್ಷಣ ಕೆಳಗೆ ಇಳಿಸಬೇಕು. ಹೆಜ್ಜೆ ನೋಡುವುದಕ್ಕೆ ಒಂದು ಪರೀಕ್ಷೆ ಇದೆ. ಒಂದು ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳಿಗೆ ತಾಗಿಸುತ್ತಾ ನಡೆಯುವುದು. ನಾನು ಮನೆಯ ಹಜಾರದಲ್ಲಿ ನೆಲದ ಟೈಲ್ಸಿನ ಗೆರೆ ಹಿಡಿದು ಅಭ್ಯಾಸ ಮಾಡಿದೆ. ಸಮುದ್ರಮಟ್ಟದಿಂದ ಅಷ್ಟೇನೂ ಮೇಲಿಲ್ಲದ ನಮ್ಮ ಮನೆಯಲ್ಲೇ ಎರಡು ಸಲ ವಾಲಿದೆ.

ಹಾಗಾಗಿ ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಜಾಸ್ತಿ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಇನ್ನೊಂದು ರಾತ್ರಿ ಕಳೆಯಬೇಕು ಎಂದು ವೈದ್ಯರು ಹೇಳುತ್ತಾರೆ. ಬೆಟ್ಟದ ದಾರಿ ಪ್ರತಿ ಐನೂರು ಮೀಟರಿಗೊಂದು ಹಾಸಿಗೆ ಹಾಸಿಕೊಂಡು ಕೂತಿರುವುದಿಲ್ಲವಲ್ಲ, ಅದಕ್ಕೇ ಸಿಕ್ಕ ಕಡೆ ತಂಗಿ ತಂಗಿ ಹೋಗುವುದು. ಗುಂಜಿಯಲ್ಲಿ, ಮೂರು ಸಾವಿರಕ್ಕಿಂತ ಸ್ವಲ್ಪ ಮೇಲೆ, ಸುಮ್ಮನೆ ಕೂರಿಸುತ್ತಾರೆ. ಗಡಿ ದಾಟಿ ತಕ್ಲಾಕೋಟ್‌ನಲ್ಲಿ ಮತ್ತೆ ಕೂರಿಸುತ್ತಾರೆ. ಯಾತ್ರೆಯಲ್ಲಿ ಜಾಸ್ತಿ ದಿನ ಹೋಗುವುದು ನಡೆಯುವುದರಲ್ಲಲ್ಲ, ಕೂರುವುದರಲ್ಲಿ. ನನಗೆ ಇದು ಒಗ್ಗುವ ಕೆಲಸ ಎಂದು ಹೆಂಡತಿಯ ಅಭಿಪ್ರಾಯ.

ಗುಂಜಿಯಲ್ಲಿ ಕೂರಿಸುವುದಷ್ಟೇ ಅಲ್ಲ, ಇನ್ನೊಂದು ಸಲ ಮೆಡಿಕಲ್ ಮಾಡುತ್ತಾರೆ. ಮೊದಲನೆಯದು ದೆಹಲಿಯಲ್ಲಿ. ರಕ್ತ, ಮೂತ್ರ, ಎಕ್ಸ್‌ರೇ, ಟ್ರೆಡ್‌ಮಿಲ್ ಮೇಲೆ ಓಡಿಸುವುದು, ಶ್ವಾಸಕೋಶ ಊದಿಸುವುದು. ಅಲ್ಲಿ ಪಾಸಾಗಿ, ಬಸ್ಸಿನಲ್ಲಿ ದಿನಗಟ್ಟಲೆ ಕುಲುಕಿಕೊಂಡು ಗುಂಜಿ ಸೇರಿದ ಮೇಲೆ ಗಡಿ ಕಾಯುವ ಐಟಿಬಿಪಿ ಪಡೆಯ ಡಾಕ್ಟರು ಮತ್ತೆ ಬಿಪಿ ನೋಡುತ್ತಾರೆ. ದೆಹಲಿಯಲ್ಲಿ ಚೆನ್ನಾಗಿದ್ದ ಬಿಪಿ ಮೂರು ಸಾವಿರ ಮೀಟರ್ ಮೇಲೆ ಏರಿ ಕೂತಿರಬಹುದು. ಏರಿ ಇಳಿಯದಿದ್ದರೆ ಅನ್‌ಫಿಟ್. ಅಲ್ಲಿಂದಲೇ ವಾಪಸ್. ಕೈಲಾಸ ಇನ್ನು ಕೆಲವೇ ದಿನದ ದಾರಿ ಇರುವಾಗ.

ಅಂದರೆ ನೋಡಿ, ನಾನು ತಡವಾಗಿ ಬರುವ ಭಯದಲ್ಲಿ ತಾರೀಖು ಲೆಕ್ಕ ಹಾಕುತ್ತಿದ್ದರೆ, ಬೇಗ ಬರುವ ಅಪಾಯವೂ ಅಷ್ಟೇ ಇದೆ. ಈ ಯಾತ್ರೆಗೆ ಬಿಎಂಐ 25 ಮೀರಬಾರದು. 168 ಸೆಂಟಿಮೀಟರ್ ಎತ್ತರದ ನನಗೆ ಅದು 70 ಕಿಲೋ ಚಿಲ್ಲರೆ. ಜನವರಿಯಲ್ಲಿ ನಾನು 76 ಇದ್ದೆ. ಈ ಆರು ತಿಂಗಳು ನನ್ನ ಪತ್ರಗಳಲ್ಲಿ ಊಟ ತಿಂಡಿಯ ವಿಷಯ ಜಾಸ್ತಿ ಬರುತ್ತಿದೆ ಎಂದು ಒಬ್ಬಿಬ್ಬರು ಗಮನಿಸಿದ್ದಿರಿ. ತಿನ್ನಲು ಬಿಡದವನು ಬರೆಯದೆ ಇನ್ನೇನು ಮಾಡುತ್ತಾನೆ. ಇವತ್ತು ಬೆಳಗ್ಗೆ 69.4. ಬಿಎಂಐ 24.6. ದೆಹಲಿಯ ತಕ್ಕಡಿ ಮತ್ತು ನಮ್ಮ ಮನೆಯ ತಕ್ಕಡಿಗೆ ಒಂದು ಕಿಲೋ ವ್ಯತ್ಯಾಸ ಬಂದರೂ ಹಗ್ಗದ ಮೇಲಿನ ನಡಿಗೆ. ಅದಕ್ಕೇ ದೆಹಲಿಗೆ ಹೋಗುವ ರೈಲಿನಲ್ಲಿ ಏನೂ ತಿನ್ನುವುದಿಲ್ಲ ಎಂದು ಶಪಥ ಮಾಡಿದ್ದೇನೆ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಏನೂ ತಿನ್ನದೇ ಇರುವುದು ಡೋಲ್ಮಾ ಲಾಗಿಂತ ಕಡಿದಾದ ದಾರಿ.

ಒಂದು ವೇಳೆ ದೆಹಲಿಯಿಂದಲೋ ಗುಂಜಿಯಿಂದಲೋ ಕಳಿಸಿಬಿಟ್ಟರೆ ಏನು ಮಾಡುವುದು? ತುಂಬ ಯೋಚಿಸಿ ಇದನ್ನೂ ತೀರ್ಮಾನಿಸಿದ್ದೇನೆ. ಬೇಗ ಬಂದರೂ ಪತ್ರ ಆಗಸ್ಟ್ 16ಕ್ಕೇ. ಜುಲೈ ಮೂರನೇ ವಾರದಲ್ಲಿ ಯಾರಾದರೂ ನನ್ನನ್ನು ತರಕಾರಿ ಚೀಲದ ಜೊತೆ ಬೀದಿಯಲ್ಲಿ ಕಂಡರೆ, ದಯವಿಟ್ಟು ಕಾಣದ ಹಾಗೆ ಹೋಗಿಬಿಡಿ. ನಾನೂ ನಿಮ್ಮನ್ನು ಕಂಡಿಲ್ಲ.

ಈಗ ತಡವಾಗುವ ಲೆಕ್ಕ. ನಮ್ಮ ತಂಡ ವಾಪಸ್ ಗುಂಜಿಗೆ ಇಳಿಯುವುದು ಜುಲೈ ಕೊನೆಯಲ್ಲಿ, ಸರಿಯಾಗಿ ಮಳೆಗಾಲದ ನಡುಮಧ್ಯ. ಗುಂಜಿಯಿಂದ ಧಾರ್ಚುಲಾಕ್ಕೆ ಕಾಳಿ ನದಿಯ ಪಕ್ಕದ ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನದಿ. ಬೆಟ್ಟ ಕುಸಿದರೆ ಮಣ್ಣು ತೆಗೆಯುವವರೆಗೂ ಅಲ್ಲೇ. ಅದು ಅರ್ಧ ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಹೆಲಿಕಾಪ್ಟರ್ ಇದೆಯಲ್ಲ ಎಂದು ನನ್ನ ತಮ್ಮ ಕೇಳಿದ. ಕುಸಿಯುವಷ್ಟು ಮಳೆ ಬಂದ ದಿನ ಮೋಡ ಹೆಲಿಕಾಪ್ಟರಿಗೂ ದಾರಿ ಬಿಡುವುದಿಲ್ಲ. ಇದೇ ದಾರಿಯಲ್ಲಿ ಮಾಲ್ಪಾ ಎಂಬ ಹಳ್ಳಿ ಇತ್ತು. 1998ರ ಆಗಸ್ಟಿನಲ್ಲಿ ಒಂದು ರಾತ್ರಿ ಬೆಟ್ಟ ಜಾರಿ ಹಳ್ಳಿಯನ್ನೂ ಅಲ್ಲಿ ತಂಗಿದ್ದ ಯಾತ್ರಿಕರನ್ನೂ ಮುಚ್ಚಿತು. ಇನ್ನೂರಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಸುಮಾರು ಅರವತ್ತು ಮಂದಿ ಯಾತ್ರಿಕರು. ಅವರೂ ಮನೆಯಲ್ಲಿ ಒಂದು ತಾರೀಖು ಹೇಳಿಯೇ ಹೊರಟವರು.

ಹಾಗಾಗಿ ಆಗಸ್ಟ್ 1ಕ್ಕೆ ರಸ್ತೆಗೆಂದು ನಾಲ್ಕು ದಿನ ಕೂಡಿಸಿದೆ. ಆಗಸ್ಟ್ 5 ಆಯಿತು. ಮಲಗುವುದಕ್ಕೆ, ಕೆಮ್ಮುವುದಕ್ಕೆ ಮೂರು ದಿನ. ಅಲ್ಲಿನ ಒಣ ಗಾಳಿಗೆ ಹೋಗಿ ಬಂದವರೆಲ್ಲ ಒಂದು ವಾರ ಕೆಮ್ಮುತ್ತಾರಂತೆ, ತುಟಿ ಸುಲಿದು ಮಾತಾಡಲು ಆಗುವುದಿಲ್ಲವಂತೆ, ಇದು ಮಾತ್ರ ನನ್ನ ಹೆಂಡತಿಗೆ ಇಷ್ಟವಾದ ಭಾಗ. ಆಗಸ್ಟ್ 8. ಭಾನುವಾರ 9ಕ್ಕೆ ಮತ್ತೆ ಸರಿಯಾಗಿ ಕೂತಿತು. ಆದರೆ ಪತ್ರ ಬರೆಯುವುದಕ್ಕೂ ನನಗೆ ನಾಲ್ಕೈದು ದಿನ ಬೇಕು. ನೀವು ಓದುವಾಗ ಕುಳಿತು ಒಂದೇ ಉಸಿರಿಗೆ ಬರೆದ ಹಾಗೆ ಕಾಣುತ್ತದಲ್ಲ, ಹಾಗೆ ಕಾಣಿಸುವುದಕ್ಕೇ ನಾಲ್ಕು ದಿನ. ಕೊನೆಗೆ 16 ಎಂದು ಬರೆದೆ. ಹೆಂಡತಿ ಈ ಸಲ ಓದಿ ಏನೂ ಹೇಳದೆ ಒಳಗೆ ಹೋದಳು. ಒಪ್ಪಿಗೆ ಎಂದರ್ಥ.

ಇದರ ನಡುವೆ ಇನ್ನೊಂದು ಉಪಾಯ ಹೊಳೆದಿತ್ತು. ಬಿಡುವೇ ಬೇಡ, ಐದು ಪತ್ರ ಮುಂಚೆಯೇ ಬರೆದಿಟ್ಟು ಹೋದರೆ? ಆಯಾ ಭಾನುವಾರ ತಾವೇ ಹೊರಡುವ ಹಾಗೆ ಮಾಡಬಹುದು, ನಾನು ಊರಲ್ಲಿಲ್ಲ ಎಂದು ನಿಮಗೆ ಗೊತ್ತೇ ಆಗುವುದಿಲ್ಲ. ಎರಡು ಪತ್ರ ಬರೆದೂ ಬರೆದೆ. ಜುಲೈ 19ರದ್ದಕ್ಕೆ ಹೀಗೆ ಶುರುಮಾಡಿದ್ದೆ: 'ಬೆಳಗ್ಗೆಯಿಂದ ಮಳೆ. ಕಿಟಕಿ ತೆರೆದಿಟ್ಟು ಕೂತಿದ್ದೇನೆ.' ಬರೆದದ್ದು ಜೂನ್ 20ರ ಮಧ್ಯಾಹ್ನ, ಉರಿಬಿಸಿಲು, ಕಿಟಕಿ ಮುಚ್ಚಿ ಫ್ಯಾನ್ ಹಾಕಿಕೊಂಡು. ಇಷ್ಟು ಸುಳ್ಳು ನಾನು ಮೊದಲೂ ಹೇಳಿರಬಹುದು, ಅದು ಬೇರೆ ಮಾತು. ಕಸಿವಿಸಿಯಾದದ್ದು ಇನ್ನೊಂದಕ್ಕೆ.

ಅದೇ ದಿನ ಅದೇ ಮೇಜಿನ ಮೇಲೆ ಯಾತ್ರೆಯ ಕಾಗದಗಳಿದ್ದವು. ಇವುಗಳಲ್ಲಿ ಒಂದು, ಏನಾದರೂ ಆದರೆ ಸರ್ಕಾರ ಹೊಣೆಯಲ್ಲ ಎಂಬ ಮುಚ್ಚಳಿಕೆ. ಒಂದು, ತುರ್ತಾದರೆ ಹೆಲಿಕಾಪ್ಟರಿನಲ್ಲಿ ತರಲು ಒಪ್ಪಿಗೆ ಮತ್ತು ಅದರ ಖರ್ಚಿನ ಮಾತು. ಇನ್ನೊಂದು, ಚೀನಾದ ಕಡೆಯಲ್ಲಿ ನಾನು ತೀರಿಕೊಂಡರೆ ಅಲ್ಲೇ ದಹನ ಮಾಡಬಹುದು ಎಂಬ ಒಪ್ಪಿಗೆ ಪತ್ರ. ಇದು ಎಲ್ಲ ಯಾತ್ರಿಕರೂ ಕೊಡಬೇಕಾದದ್ದು, ನನಗೊಬ್ಬನಿಗೇ ಅಲ್ಲ. ಸಣ್ಣ ಕಾಗದ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಸಹಿ, ದಿನಾಂಕ. ನಾನು ಫಾರಂ ತುಂಬುವಾಗ ಯಾವಾಗಲೂ ಮಾಡುವ ತಪ್ಪನ್ನೇ ಇಲ್ಲೂ ಮಾಡಿದೆ, ಸಹಿಯ ಜಾಗದಲ್ಲಿ ಹೆಸರು ಬರೆದೆ, ಹೊಡೆದು ಪಕ್ಕದಲ್ಲಿ ಸಹಿ ಹಾಕಿದೆ. ಆಮೇಲೆ ದಿನಾಂಕ ಹಾಕಲು ಹೋದೆ. ಕೈ ತಾನಾಗಿ ಆಗಸ್ಟ್ 16 ಎಂದು ಬರೆಯಿತು. ಅದನ್ನೇ ಬರೆದು ಬರೆದು ಕೈಗೆ ರೂಢಿಯಾಗಿಬಿಟ್ಟಿತ್ತು.

ನಾನು ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತೆ. ಒಂದೇ ಪೆನ್ನು, ಒಂದೇ ಮೇಜು. ಒಂದು ಕಾಗದದಲ್ಲಿ ನಾನು ನಿಮಗೆ ಬೆಳಗ್ಗೆ ಏಳಕ್ಕೆ ಬರುತ್ತೇನೆ ಎನ್ನುತ್ತೇನೆ, ಇನ್ನೊಂದರಲ್ಲಿ ಬಾರದೆ ಹೋದರೂ ತಕರಾರಿಲ್ಲ ಎನ್ನುತ್ತೇನೆ. ಎರಡಕ್ಕೂ ನನ್ನದೇ ಸಹಿ. ಹೆಂಡತಿಯನ್ನು ಕರೆದು ತೋರಿಸಬೇಕು ಅನ್ನಿಸಿ, ಬೇಡ ಅನ್ನಿಸಿ, ಇನ್ನೊಂದು ಪ್ರತಿ ತೆಗೆಸಿಕೊಂಡು ಬಂದು ಆ ದಿನದ ತಾರೀಖು ಹಾಕಿದೆ.

ಅಷ್ಟಾದ ಮೇಲೆ ಮುಂಚೆ ಬರೆದಿಟ್ಟ ಪತ್ರಗಳನ್ನು ಓದಲು ಆಗಲಿಲ್ಲ. ನಾನು ಎಲ್ಲೋ ನಾಲ್ಕೂವರೆ ಸಾವಿರ ಮೀಟರ್ ಮೇಲೆ, ಮಾನಸಸರೋವರದ ದಂಡೆಯಲ್ಲಿ ನಡುಗುತ್ತಿರುವಾಗ, ಅಥವಾ ಇನ್ನೂ ಏನೋ ಆಗಿರುವಾಗ, ನನ್ನ ಕಾಗದವೊಂದು ನಗುತ್ತಾ ನಿಮ್ಮ ಮನೆಗೆ ಬಂದು 'ಬೆಳಗ್ಗೆಯಿಂದ ಮಳೆ' ಎನ್ನುವುದು. ಬೇಡಪ್ಪ. ಎರಡನ್ನೂ ಹರಿದೆ. ಆದ್ದರಿಂದ ಈ ಐದು ವಾರ ನಿಜವಾಗಿ ಖಾಲಿ. ಪತ್ರ ಬಂದರೆ ನಾನಿದ್ದೇನೆ ಎಂದು ಗೊತ್ತಾಗಲಿ, ಅಷ್ಟು ಸಾಕು.

ಅಲ್ಲಿಂದ ಎರಡು ಸಾಲಾದರೂ ಕಳಿಸಬಾರದೇ ಎಂದು ಕೇಳಿದವರಿಗೂ ಇದೇ ಉತ್ತರ. ಫೋನ್ ಸಿಗುವುದು ಬಿಡುವುದು ಆಮೇಲಿನ ಮಾತು. ಸಿಕ್ಕರೂ ಬರೆಯುವುದಿಲ್ಲ. ನನಗೆ ನನ್ನ ಅಭ್ಯಾಸ ಗೊತ್ತು. ಕಣ್ಣೆದುರು ಕೈಲಾಸ ನಿಂತಿದ್ದರೂ ಇದನ್ನು ಮೊದಲ ಸಾಲಿನಲ್ಲಿ ಹೇಳುವುದೋ ಕೊನೆಯ ಸಾಲಿನಲ್ಲೋ ಎಂದು ಯೋಚಿಸುತ್ತಾ ಕೂರುವ ಪ್ರಾಣಿ ನಾನು. ಟಿಪ್ಪಣಿ ಪುಸ್ತಕವನ್ನೂ ಬಿಟ್ಟು ಹೋಗುತ್ತಿದ್ದೇನೆ. ಪೆನ್ನು ಮಾತ್ರ ಒಂದಿರುತ್ತದೆ, ದಾರಿಯುದ್ದಕ್ಕೂ ಇನ್ನೂ ಎಷ್ಟು ಫಾರಂ ಇವೆಯೋ.

ಇನ್ನು ತಾರೀಖು ತಪ್ಪಿದರೆ. ಇದನ್ನೂ ಬರೆದುಬಿಡುವುದೇ ಒಳ್ಳೆಯದು, ಇಲ್ಲದಿದ್ದರೆ ಮತ್ತೆ ಸಂತಾಪದ ಪತ್ರಗಳು ಶುರುವಾಗುತ್ತವೆ. ಆಗಸ್ಟ್ 16ರ ಏಳು ಗಂಟೆಗೆ ಪತ್ರ ಬರದಿದ್ದರೆ ಗಾಬರಿ ಬೇಡ, ಎಲ್ಲೋ ರಸ್ತೆ ಕುಸಿದಿದೆ ಎಂದುಕೊಳ್ಳಿ. 23ರವರೆಗೆ ನೋಡಿ. ಆವತ್ತೂ ನನ್ನದು ಬರದಿದ್ದರೆ ನನ್ನ ಮಗಳು ಎರಡು ಸಾಲು ಬರೆದು ಕಳಿಸುತ್ತಾಳೆ. ಒಪ್ಪಿಕೊಂಡಿದ್ದಾಳೆ. ಆ ಎರಡು ಸಾಲಿನಲ್ಲಿ ಏನು ಬರೀತೀಯಮ್ಮ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. "ಅಪ್ಪಾ, ನಿಮ್ಮ ಥರ ಒಂಬತ್ತು ದಿನ ತಗೊಳಲ್ಲ ನಾನು" ಅಂದಳು, ಅಷ್ಟೇ.

ಕೊನೆಗೆ ಒಂದು ಗಡಿಯಾರದ ವಿಷಯ, ಇದು ನನಗೆ ತುಂಬ ಹಿಡಿಸಿತು. ಲಿಪುಲೇಖ್ ಕಣಿವೆ ಐದು ಸಾವಿರ ಮೀಟರಿಗೂ ಮೇಲಿದೆ. ಮಧ್ಯಾಹ್ನದ ಮೇಲೆ ಅಲ್ಲಿ ಗಾಳಿ ಜೋರು, ಹಾಗಾಗಿ ಬೆಳಗಾಗುವ ಮೊದಲೇ ಟಾರ್ಚ್ ಹಿಡಿದು ಹೊರಡುತ್ತಾರೆ. ಅಷ್ಟು ಏದುಸಿರು ಬಿಟ್ಟು ಹತ್ತಿ, ಆ ಕಡೆಗೆ ಒಂದು ಹೆಜ್ಜೆ ಇಟ್ಟ ಕೂಡಲೇ ಎರಡೂವರೆ ಗಂಟೆ ಹೋಗಿರುತ್ತದೆ. ಚೀನಾ ದೇಶಕ್ಕೆಲ್ಲ ಒಂದೇ ಗಡಿಯಾರ, ಬೀಜಿಂಗಿನದು. ಟಿಬೆಟಿನ ಆ ತುದಿಯಲ್ಲೂ ಅದೇ. ಕಣಿವೆಯ ಈ ಕಡೆ ಬೆಳಗ್ಗೆ ಏಳಾಗಿದ್ದರೆ ಆ ಕಡೆ ಒಂಬತ್ತೂವರೆ. ಸೂರ್ಯ ಅದೇ, ಬೆಟ್ಟ ಅದೇ, ನನ್ನ ಮೊಣಕಾಲು ನೋವೂ ಅದೇ. ವಾಪಸ್ ಬರುವಾಗ ಅದೇ ಕಣಿವೆಯ ಮೇಲೆ ಎರಡೂವರೆ ಗಂಟೆ ತಿರುಗಿ ಸಿಗುತ್ತದೆ. ಕೈಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸಬೇಕೇ ಬೇಡವೇ ಎಂದು ಇನ್ನೂ ತೀರ್ಮಾನಿಸಿಲ್ಲ. ಬೇಡ ಅಂತಲೇ ಕಾಣುತ್ತದೆ. ತಂಡದವರೆಲ್ಲ ಅಲ್ಲಿನ ಸಮಯದಲ್ಲಿ ಏಳಲಿ, ತಿನ್ನಲಿ, ನಡೆಯಲಿ, ನಾನೂ ಅವರ ಹಿಂದೆ ಹೋಗುತ್ತೇನೆ, ಆದರೆ ನನ್ನ ಕೈಯಲ್ಲಿರುವುದು ಇಲ್ಲಿಯದೇ ಇರಲಿ.

ಆಗಸ್ಟ್ 16, ಬೆಳಗ್ಗೆ ಏಳಕ್ಕೆ. ನಮ್ಮ ಗಡಿಯಾರದ ಏಳಕ್ಕೆ.

ಹೋಗಿಬರುತ್ತೇನೆ.